ಫೋನ್ ಚಾರ್ಜ್ ಆಗುತ್ತದೆ, ಇಯರ್‌ಬಡ್ ಕೇಸ್ ಯಾಕೆ ಆಗುವುದಿಲ್ಲ?

ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಮೇಲೆ ಫೋನ್ ಇಟ್ಟರೆ ಚಾರ್ಜ್ ಆಗುತ್ತದೆ. ಅದೇ ಜಾಗದಲ್ಲಿ ಇಯರ್‌ಬಡ್ ಕೇಸ್ ಇಟ್ಟರೆ ದೀಪವೇ ಹತ್ತುವುದಿಲ್ಲ. ಪ್ಯಾಡ್ ಸರಿ ಇದೆ ಎಂದು ಫೋನೇ ತೋರಿಸಿಕೊಟ್ಟಿರುವಾಗ ಕೇಸೇ ಕೆಟ್ಟಿರಬೇಕು ಎಂದು ಅನೇಕರು ರಿಪೇರಿ ಅಂಗಡಿಗೆ ಹೋಗುತ್ತಾರೆ. ಎಷ್ಟೋ ಸಲ ಕೇಸ್ ಕೆಟ್ಟಿರುವುದೇ ಇಲ್ಲ.

ಪ್ಯಾಡ್ ಒಳಗೆ ತಾಮ್ರದ ತಂತಿಯ ಒಂದು ಸುರುಳಿ ಇದೆ, ಕೇಸ್ ತಳದಲ್ಲಿ ಇನ್ನೊಂದು. ಪ್ಯಾಡ್‌ನ ಸುರುಳಿಯಲ್ಲಿ ವಿದ್ಯುತ್ ಬಹಳ ವೇಗವಾಗಿ ದಿಕ್ಕು ಬದಲಿಸುತ್ತ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ, ಅದು ಮೇಲಿನ ಸುರುಳಿಯಲ್ಲಿ ಮತ್ತೆ ವಿದ್ಯುತ್ ಹುಟ್ಟಿಸುತ್ತದೆ. ಫೋನಿನ ಸುರುಳಿ ಅಗಲವಾದದ್ದು. ಒಂದಿಷ್ಟು ಅತ್ತಿತ್ತ ಸರಿದರೂ ಸಾಕಷ್ಟು ಭಾಗ ಕೆಳಗಿನ ಸುರುಳಿಯ ಮೇಲೇ ಉಳಿಯುತ್ತದೆ. ಕೇಸಿನದು ಅದಕ್ಕಿಂತ ಬಹಳ ಚಿಕ್ಕದು. ಬೆರಳಗಲ ಸರಿದರೂ ಕೈತಪ್ಪಿತು. ಆದ್ದರಿಂದ ಫೋನ್ ಚಾರ್ಜ್ ಆಯಿತು ಎಂಬುದು ಕೇಸ್ ಸರಿಯಾದ ಜಾಗದಲ್ಲಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಫೋನ್ ನಿಲ್ಲಿಸುವ ಸ್ಟ್ಯಾಂಡ್ ಮಾದರಿಯ ಚಾರ್ಜರ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವುಗಳ ಸುರುಳಿ ಇರುವುದು ನಿಲ್ಲಿಸಿದ ಫೋನಿನ ನಡುಭಾಗದ ಎತ್ತರದಲ್ಲಿ. ಪುಟ್ಟ ಕೇಸ್ ಕೆಳಗಿನ ಅಂಚಿನ ಮೇಲೆ ಕೂತುಬಿಟ್ಟರೆ ಸುರುಳಿಯ ಹತ್ತಿರಕ್ಕೂ ಬರುವುದಿಲ್ಲ. ಅಂಥ ಸ್ಟ್ಯಾಂಡನ್ನು ಮಲಗಿಸಿ, ಮಧ್ಯದಲ್ಲಿ ಕೇಸ್ ಇಟ್ಟು ನೋಡಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪ್ಯಾಡ್ ಸುಮ್ಮನೆ ವಿದ್ಯುತ್ ಸುರಿಯುವುದಿಲ್ಲ, ಕೇಸ್ ಜೊತೆ ಮಾತಾಡುತ್ತದೆ. ಇಂದಿನ ಬಹುಪಾಲು ಪ್ಯಾಡ್‌ಗಳು ಅನುಸರಿಸುವ ‘ಚೀ’ ಎಂಬ ಮಾನದಂಡದಲ್ಲಿ, ಪ್ಯಾಡ್ ಆಗಾಗ ಒಂದು ಸಣ್ಣ ಮಿಡಿತ ಕಳಿಸಿ ಮೇಲೆ ಏನಾದರೂ ಇದೆಯೇ ಎಂದು ಕೇಳುತ್ತದೆ. ಕೇಸ್‌ನಿಂದ ಉತ್ತರ ಬಂದರೆ ಮಾತ್ರ ಚಾರ್ಜ್ ಶುರು. ಆಮೇಲೂ ಇನ್ನಷ್ಟು ಬೇಕು, ಸಾಕು ಎಂದು ಕೇಸ್ ಹೇಳುತ್ತಲೇ ಇರುತ್ತದೆ. ಸುರುಳಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಮಾತುಕತೆ ಕ್ಷೀಣಿಸುತ್ತದೆ.

ದಪ್ಪ ಕವರ್ ಮಾಡುವ ಕೆಡುಕು ಇದೇ. ತೆಳು ಸಿಲಿಕಾನ್ ಕವರ್ ಸಾಮಾನ್ಯವಾಗಿ ಅಡ್ಡಿಯಾಗದು. ಮೂರು ನಾಲ್ಕು ಮಿಲಿಮೀಟರ್ ದಪ್ಪದ ರಬ್ಬರ್ ಅಥವಾ ಚರ್ಮದ ಕವರ್, ತಳದಲ್ಲಿ ಉಬ್ಬಿದ ಗೊಂಬೆ ಆಕಾರದ ಕವರ್ ಆದರೆ ಕಷ್ಟ. ಬ್ಯಾಗಿಗೆ ಸಿಕ್ಕಿಸುವ ಲೋಹದ ಕೊಂಡಿ ಕೇಸ್ ಅಡಿಗೆ ಮಡಚಿಕೊಂಡರಂತೂ ಅದು ಬಿಸಿಯಾಗಬಹುದು, ಇಲ್ಲವೇ ಅನ್ಯವಸ್ತು ಬಂದಿದೆ ಎಂದು ಪ್ಯಾಡ್ ತಾನಾಗಿಯೇ ನಿಲ್ಲಿಸಬಹುದು.

ಕೇಸಿಗೆ ಬೇಕಾದ ವಿದ್ಯುತ್ ಫೋನಿಗಿಂತ ಕಡಿಮೆ, ಹಾಗಾದರೆ ದುರ್ಬಲ ಅಡಾಪ್ಟರ್ ಯಾಕೆ ಅಡ್ಡಿ? ಸುರುಳಿಗಳು ಸರಿಯಾಗಿ ಕೂಡದಿದ್ದಾಗ ಕೇಸ್ ಇನ್ನಷ್ಟು ಬೇಕು ಎಂದು ಕೇಳುತ್ತದೆ, ಪ್ಯಾಡ್ ತನ್ನ ಬಲ ಹೆಚ್ಚಿಸಲು ಅಡಾಪ್ಟರಿನಿಂದ ಹೆಚ್ಚು ಎಳೆಯುತ್ತದೆ. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಮಾತ್ರ. ಎಳೆತ ತಾಳದೆ ವೋಲ್ಟೇಜ್ ಕುಸಿಯುತ್ತದೆ, ಪ್ಯಾಡ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ದೀಪ ಹತ್ತಿ ಆರುವುದು, ಮತ್ತೆ ಹತ್ತುವುದು ಇದರ ಗುರುತು. 10 ಅಥವಾ 15 ವ್ಯಾಟ್ ಪ್ಯಾಡ್‌ಗಳಲ್ಲಿ ಕೆಲವು 9 ವೋಲ್ಟ್ ಕೊಡುವ ಫಾಸ್ಟ್ ಚಾರ್ಜರ್ ಇಲ್ಲದಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲ.

ನಮ್ಮ ಸಂಬಂಧಿಕರ ಮಗಳ ಕೇಸಿನಲ್ಲಿ ಮೂರೂ ಸೇರಿದ್ದವು: ದಪ್ಪ ಕವರ್, ಅಂಚಿಗೆ ಜಾರಿದ ಕೇಸ್, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಪ್ಯಾಡ್. ಕವರ್ ತೆಗೆದು ನಡುವೆ ಇಟ್ಟಾಗ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಮಿನುಗಲು ಶುರುವಾಯಿತು. ಫೋನಿನ 9 ವೋಲ್ಟ್, 2 ಆಂಪಿಯರ್ ಅಡಾಪ್ಟರಿಗೆ ಬದಲಿಸಿದ ಮೇಲೆ ನಿಂತಿತು. ಬಳಿಕ ಕವರ್ ಹಾಕಿ ನೋಡಿದರೆ ಮತ್ತೆ ಚಾರ್ಜ್ ಇಲ್ಲ. ಒಂದೊಂದನ್ನೇ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಎಂಬುದು ತಿಳಿಯಿತು.

ನೀವೂ ಹಾಗೇ ಮಾಡಿ. ಮೊದಲು ನಿಮ್ಮ ಕೇಸಿಗೆ ವೈರ್‌ಲೆಸ್ ಸೌಲಭ್ಯ ಇದೆಯೇ ಎಂದು ಡಬ್ಬಿಯಲ್ಲೋ ಕೈಪಿಡಿಯಲ್ಲೋ ನೋಡಿ, ಅಗ್ಗದ ಎಷ್ಟೋ ಮಾದರಿಗಳಲ್ಲಿ ಅದು ಇಲ್ಲ. ಇದ್ದರೆ ಕವರ್ ಬಿಚ್ಚಿ, ಪ್ಯಾಡ್ ನಡುವಿಗೆ ಇಟ್ಟು, ದೀಪ ಹತ್ತುವವರೆಗೆ ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಸರಿಸಿ. ಪ್ರತಿ ಸಲ ಒಂದೆರಡು ಸೆಕೆಂಡ್ ಕಾಯಬೇಕು, ಮಿಡಿತ ಬಂದು ಉತ್ತರ ಹೋಗಲು ಅಷ್ಟು ಹೊತ್ತು ಬೇಕು. ಕೆಲವು ಕೇಸ್‌ಗಳ ದೀಪ ಕೆಲವೇ ಸೆಕೆಂಡ್ ಹತ್ತಿ ಆರುತ್ತದೆ, ಚಾರ್ಜ್ ಮುಂದುವರಿದಿರುತ್ತದೆ. ಅರ್ಧ ಗಂಟೆ ಬಿಟ್ಟು ಶೇಕಡಾವಾರು ನೋಡಿ ತೀರ್ಮಾನಿಸಿ. ಇಷ್ಟಾದರೂ ಏರದಿದ್ದರೆ ಕೇಬಲ್ ಸಿಕ್ಕಿಸಿ ನೋಡಿ. ಕೇಬಲ್‌ನಲ್ಲೂ ಚಾರ್ಜ್ ಆಗದಿದ್ದರೆ ದೋಷ ಬ್ಯಾಟರಿಯಲ್ಲೋ ಬೋರ್ಡಿನಲ್ಲೋ ಇರಬಹುದು. ಆಗ ಮಾತ್ರ ಸರ್ವಿಸ್ ಸೆಂಟರ್‌ಗೆ ಹೋಗಿ.