ಮುಚ್ಚಿಗೆಯ ಮೇಲಿನ ಬೆಂಕಿ

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆ ಜಾಗದಲ್ಲಿ ಹೆನ್ರಿ ಇರ್ವಿನ್ ಕಟ್ಟಿಸಿದ, 1912ರಲ್ಲಿ ಮುಗಿದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳದ್ದೇ ಕಾರುಬಾರು. ಸುಟ್ಟುಹೋದ ಮೇಲೆ ಹೊಸದಾಗಿ ಕಟ್ಟುವವರಿಗೆ ಈ ದಾರಿ ಸರಿ. ಆದರೆ ಇವತ್ತಿಗೂ ನಿಂತಿರುವ ಮರದ ಅರಮನೆಗಳಿಗೆ, ಕರಾವಳಿ ಮಲೆನಾಡುಗಳ ಹೆಂಚಿನ ಮಾಡಿನ ದೇವಸ್ಥಾನಗಳಿಗೆ ಅದು ಒಗ್ಗುವುದಿಲ್ಲ. ಅಲ್ಲಿ ಉಳಿಸಬೇಕಾದದ್ದೇ ಆ ಮರ. ತೊಲೆ ಕೊಯ್ದು ಅಗಲವಾದ ಮೆಟ್ಟಿಲು ಕೂರಿಸಿದರೆ ಜನ ಸಲೀಸಾಗಿ ಹೊರಗೆ ಬರಬಹುದು, ಆದರೆ ನೋಡಲು ಬಂದದ್ದರಲ್ಲಿ ಅರ್ಧ ಹೋಗಿರುತ್ತದೆ. ಏನನ್ನೂ ಮುಟ್ಟದೆ ಬಿಟ್ಟರೆ ಒಂದು ರಾತ್ರಿಯಲ್ಲಿ ಅಷ್ಟೂ ಹೋಗಬಹುದು.

ಈ ಇಕ್ಕಟ್ಟಿಗೆ ಉತ್ತರ ಹುಡುಕುವವರು ಮೊದಲು ನೋಡಬೇಕಾದದ್ದು ಮುಚ್ಚಿಗೆಯ ಮೇಲೆ. ಕೆಳಗೆ ಕೋಣೆಗಳ ನಡುವೆ ದಪ್ಪ ಗೋಡೆಗಳಿರುತ್ತವೆ. ಎಷ್ಟೋ ಕಡೆ ಆ ಗೋಡೆಗಳು ಮುಚ್ಚಿಗೆಯ ಮಟ್ಟಕ್ಕೆ ನಿಂತುಬಿಡುತ್ತವೆ. ಅದರ ಮೇಲೆ, ಹೆಂಚಿನ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ ತಡೆಯಿಲ್ಲದ ಒಂದೇ ಅಟ್ಟ. ಅಲ್ಲಿ ನೂರಾರು ವರ್ಷ ಒಣಗಿದ ಪಕಾಸು, ರೀಪು, ಧೂಳು, ಇಲಿಗೂಡು, ಯಾವಾಗಲೋ ಎಳೆದ ವಿದ್ಯುತ್ ತಂತಿ. ಕಿಡಿ ಬಿದ್ದರೆ ಇಡೀ ಅಟ್ಟವೇ ಅಡ್ಡ ಮಲಗಿದ ಚಿಮಣಿಯಾಗುತ್ತದೆ. ಬಿಸಿ ಹೊಗೆ ಮುಂದೆ ಓಡಿ ದೂರದ ಮರವನ್ನೂ ಕಾಯಿಸಿಡುತ್ತದೆ. ಹೊರಗಿನಿಂದ ನೀರು ಹಾಯಿಸಿದರೆ ಅದು ಹೆಂಚಿನ ಮೇಲಿಂದ ಜಾರಿ ಅಂಗಳಕ್ಕೆ ಬೀಳುತ್ತದೆ. ಮಳೆ ಒಳಗೆ ಬಾರದಂತೆ ಕಟ್ಟಿದ ಮಾಡು ಅಗ್ನಿಶಾಮಕ ದಳದ ನೀರನ್ನೂ ಒಳಗೆ ಬಿಡುವುದಿಲ್ಲ.

ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ 1992ರ ನವೆಂಬರ್ 20ರಂದು ನಡೆದದ್ದು ಹೆಚ್ಚುಕಡಿಮೆ ಇದೇ. ಖಾಸಗಿ ಪ್ರಾರ್ಥನಾ ಕೋಣೆಯಲ್ಲಿ ಒಂದು ದೊಡ್ಡ ದೀಪ ಪರದೆಗೆ ಒತ್ತಿಕೊಂಡಿತ್ತು. ಬಟ್ಟೆ ಹೊತ್ತಿಕೊಂಡಿತು. ಅರಮನೆಗೆ ಸ್ವಂತ ಅಗ್ನಿಶಾಮಕ ತಂಡವೇ ಇತ್ತು, ಹೊರಗಿನ ದಳಗಳೂ ಬೇಗ ಬಂದವು. ಹಾಗಿದ್ದರೂ ಮಾಡಿನ ಕೆಳಗಿನ ಪೊಳ್ಳಿನಲ್ಲಿ ಬೆಂಕಿಯನ್ನು ತಡೆಯುವ ಅಡ್ಡಗೋಡೆಗಳು ಸಾಕಷ್ಟಿಲ್ಲದ್ದರಿಂದ ಅದು ಕೋಣೆಯಿಂದ ಕೋಣೆಗೆ ಹಾಯುತ್ತ, ಸೇಂಟ್ ಜಾರ್ಜ್ ಹಾಲ್ ಎಂಬ ದೊಡ್ಡ ಸಭಾಂಗಣದ ಮಾಡನ್ನೂ ನುಂಗಿತು. ಆರಿಸಲು ಸುಮಾರು 15 ಗಂಟೆ ಹಿಡಿಯಿತು, 115 ಕೋಣೆಗಳು ಹಾಳಾದವು. ಜನರೆಲ್ಲ ಹೊರಗೆ ಬಂದಿದ್ದರು, ಯಾರೂ ಸಾಯಲಿಲ್ಲ. ಅಂದರೆ ಅಲ್ಲಿ ಸೋತದ್ದು ತಪ್ಪಿಸಿಕೊಳ್ಳುವ ದಾರಿಯಲ್ಲ, ಮಾಡಿನ ಒಳಗು.

ಆದ್ದರಿಂದ ಮೊದಲ ಕೆಲಸ ಅಟ್ಟವನ್ನು ತುಂಡು ಮಾಡುವುದು. ಕೆಳಗಿನ ಗೋಡೆಯ ನೇರದಲ್ಲೇ, ಮುಚ್ಚಿಗೆಯಿಂದ ಹೆಂಚಿನವರೆಗೆ ಹಗುರವಾದ ಚೌಕಟ್ಟು ನಿಲ್ಲಿಸಿ, ಎರಡೂ ಬದಿಗೆ ಬೆಂಕಿ ತಡೆಯುವ ಬೋರ್ಡ್ ಹೊಡೆದು, ಪಕಾಸುಗಳ ಸಂದಿಗೆ ರಾಕ್‌ವೂಲ್ ತುರುಕುತ್ತಾರೆ. ಹಳೆಯ ಮರಕ್ಕೆ ಮೊಳೆ ಹೊಡೆಯದೆ ಪಟ್ಟಿಯಿಂದ ಬಿಗಿದರೆ ನಾಳೆ ಬೇಡವೆಂದಾಗ ಬಿಚ್ಚಿ ತೆಗೆಯಬಹುದು. ಕೆಳಗೆ ನಿಂತವರ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. ಎರಡು ಎಚ್ಚರಿಕೆಗಳಿವೆ. ಮರಕ್ಕೆ ಗಾಳಿ ಬೇಕು. ಪ್ರತಿ ತುಂಡಿಗೂ ಗಾಳಿಕಿಂಡಿ ಇಡದಿದ್ದರೆ ನಮ್ಮ ಮಳೆಗಾಲದ ತೇವಕ್ಕೆ ಮಾಡು ಕುಂಬಾಗಿ, ಬೆಂಕಿ ಮಾಡುವ ಕೆಲಸವನ್ನು ಗೆದ್ದಲು ಮಾಡೀತು. ಇನ್ನೊಂದು, ಆಮೇಲೆ ಬರುವ ಎಲೆಕ್ಟ್ರಿಷಿಯನ್ ತಂತಿ ಎಳೆಯಲು ಅದೇ ಬೋರ್ಡಿಗೆ ತೂತು ಕೊರೆದು ಹಾಗೆಯೇ ಬಿಟ್ಟುಹೋಗುತ್ತಾನೆ. ಹೊಗೆ ದಾಟಲು ಒಂದು ಕೈ ತೂರುವಷ್ಟು ತೂತು ಸಾಕು.

ಎರಡನೆಯದು ಎಚ್ಚರಿಕೆಯ ಗಂಟೆ. ಬಣ್ಣದ ಮುಚ್ಚಿಗೆಯ ತುಂಬ ಬಿಳಿ ಪ್ಲಾಸ್ಟಿಕ್ ಡಬ್ಬಿಗಳನ್ನು ಅಂಟಿಸುವ ಕಾಲ ಹೋಯಿತು. ಈಗ ಗಾಳಿಯನ್ನೇ ಹೀರಿ ನೋಡುವ ಯಂತ್ರಗಳಿವೆ. ಅಟ್ಟದಲ್ಲಿ ಬೆರಳು ಗಾತ್ರದ ಕೊಳವೆ ಹಾಯಿಸಿ, ಅದರಿಂದ ಇಳಿದ ಸಣ್ಣ ನಳಿಕೆಯ ತುದಿಯನ್ನು ಮುಚ್ಚಿಗೆಯ ಕೆತ್ತಿದ ಹೂವಿನ ನಡುವೆ, ಕೆಲವೇ ಮಿಲಿಮೀಟರ್ ತೂತಿನಲ್ಲಿ ಅಡಗಿಸುತ್ತಾರೆ. ಯಂತ್ರ ಬೇರೆ ಕೋಣೆಯಲ್ಲಿರುತ್ತದೆ. ಜ್ವಾಲೆ ಏಳುವ ಮೊದಲೇ, ಮರ ಕನಲುವಾಗ ಬರುವ ತೆಳು ಹೊಗೆಯನ್ನೇ ಅದು ಹಿಡಿಯಬಲ್ಲದು.

ದೇವಸ್ಥಾನದಲ್ಲಿ ಮಾತ್ರ ಇದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ. ದಿನಕ್ಕೆ ಮೂರು ಹೊತ್ತು ಕರ್ಪೂರ, ಧೂಪ, ಎಣ್ಣೆದೀಪ. ಮಂಗಳಾರತಿಗೊಮ್ಮೆ ಗಂಟೆ ಬಾರಿಸಿದರೆ ಯಾರೋ ಬೇಸತ್ತು ಸ್ವಿಚ್ ಆರಿಸಿಬಿಡುತ್ತಾರೆ, ಮತ್ತೆ ಹಾಕುವವರಿರುವುದಿಲ್ಲ. ಅದಕ್ಕೆ ಹೊಗೆ ಹಿಡಿಯುವ ಕೊಳವೆ ಅಟ್ಟಕ್ಕಷ್ಟೇ ಇರಲಿ. ದೀಪ ಉರಿಯುವ ಕಡೆ ತೊಲೆಯ ಬದಿಗೆ ಶಾಖ ಹಿಡಿಯುವ ಕೇಬಲ್ ಕಟ್ಟಬಹುದು. ಅದರ ಒಳಗಿನ ಎರಡು ತಂತಿಗಳ ಹೊದಿಕೆ ಗೊತ್ತಾದ ಬಿಸಿಗೆ ಕರಗಿ, ತಂತಿಗಳು ಒಂದಕ್ಕೊಂದು ತಾಗಿದಾಗ ಗಂಟೆ ಹೊಡೆಯುತ್ತದೆ. ಕರ್ಪೂರದ ಹೊಗೆಗೆ ಅದು ಮಿಸುಕುವುದಿಲ್ಲ. ಇದು ಅತಿ ಎಚ್ಚರಿಕೆಯೆನಿಸಿದರೆ ಗುರುವಾಯೂರನ್ನು ನೆನೆಯಬೇಕು. 1970ರ ನವೆಂಬರ್ 30ರಂದು, ಏಕಾದಶಿ ಉತ್ಸವದ ಕಾಲದಲ್ಲಿ, ಅಲ್ಲಿನ ಪಶ್ಚಿಮದ ಸುತ್ತುಪೌಳಿಯಲ್ಲಿ ಹೊತ್ತಿದ ಬೆಂಕಿ ಗಂಟೆಗಟ್ಟಲೆ ಉರಿಯಿತು. ಗರ್ಭಗುಡಿ ಉಳಿಯಿತು, ಸುತ್ತಲಿನ ಮರದ ಕಟ್ಟಡದ ಬಹುಭಾಗ ಹೋಯಿತು.

ಗಂಟೆ ಹೊಡೆದರಷ್ಟೇ ಸಾಲದು, ಎಲ್ಲಿ ಎಂಬುದನ್ನೂ ಅದು ತಪ್ಪಿಲ್ಲದೆ ಹೇಳಬೇಕು. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯಲ್ಲಿ ಯಂತ್ರ ಸಂಜೆ 6.20ರ ಸುಮಾರಿಗೇ ಬೆಂಕಿಯನ್ನು ಹಿಡಿದಿತ್ತು. ಪರದೆಯ ಮೇಲೆ ಮೂಡಿದ ಸಂಕೇತವನ್ನು ಅರ್ಥಮಾಡಿಕೊಳ್ಳುವುದರಲ್ಲಿ ಗೊಂದಲವಾಗಿ, ಕಾವಲಿನವನು ಪಕ್ಕದ ಸಣ್ಣ ಕಟ್ಟಡದ ಅಟ್ಟಕ್ಕೆ ಹೋಗಿ ನೋಡಿದ. ಅಲ್ಲೇನೂ ಇರಲಿಲ್ಲ. ತಪ್ಪು ತಿಳಿದು ಮುಖ್ಯ ಅಟ್ಟದ ಸುಮಾರು 300 ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು, ಬೆಂಕಿ ಕೈಮೀರಿತ್ತು. ಕಣ್ಣಾರೆ ನೋಡಿದ ಮೇಲೆಯೇ ಅಗ್ನಿಶಾಮಕ ದಳವನ್ನು ಕರೆಯುವುದು ಅಲ್ಲಿನ ಪದ್ಧತಿಯಾಗಿತ್ತು. ನಮ್ಮಲ್ಲಿ ಫಲಕದ ಮೇಲೆ ಅಂಕಿ-ಸಂಕೇತಗಳಿಗಿಂತ ‘ಹೆಬ್ಬಾಗಿಲ ಮೇಲಿನ ಅಟ್ಟ’, ‘ಪಾಕಶಾಲೆಯ ಮಾಡು’ ಎಂದೇ ಬರೆದಿರಲಿ. ರಾತ್ರಿಯ ಕಾವಲುಗಾರ ಓದುವುದು ಅದನ್ನು.

ಇನ್ನು ಜನರ ದಾರಿ. ಹಳೆಯ ಅರಮನೆಯ ಮಹಡಿ ಮೆಟ್ಟಿಲು ಒಬ್ಬರೇ ಇಳಿಯುವಷ್ಟು ಕಿರಿದು, ಬಾಗಿಲು ತಗ್ಗು, ಹೊಸ್ತಿಲು ಎತ್ತರ. ಬಾಗಿಲು ಒಳಕ್ಕೆ ತೆರೆಯುತ್ತದೆ. ಹಿಂದಿನಿಂದ ಜನ ಒತ್ತಿದರೆ ಅದು ತೆರೆಯುವುದೇ ಇಲ್ಲ. ಇವನ್ನೆಲ್ಲ ಕಿತ್ತು ಬದಲಿಸುವ ಮೊದಲು ಮಾಡಬಹುದಾದದ್ದು ಬಹಳವಿದೆ. ಜನ ಇರುವ ಹೊತ್ತಿನಲ್ಲಿ ಎರಡೂ ಕದಗಳನ್ನು ಪೂರ್ತಿ ತೆರೆದು ಗೋಡೆಗೆ ಕೊಂಡಿ ಹಾಕಬಹುದು. ಹೊಸ್ತಿಲನ್ನು ಕೊಯ್ಯುವ ಬದಲು ಎರಡೂ ಕಡೆ ಮರದ ಇಳಿಜಾರು ಇಟ್ಟು, ಬೇಡವಾದಾಗ ಎತ್ತಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮೆಟ್ಟಿಲಿನಲ್ಲಿ ಎರಡು ಮೂರು ನಿಮಿಷದಲ್ಲಿ ಎಷ್ಟು ಜನ ಇಳಿಯಬಲ್ಲರು ಎಂದು ಗಡಿಯಾರ ಹಿಡಿದು ಇಳಿಸಿ ನೋಡಿ, ಅಷ್ಟೇ ಜನರನ್ನು ಮೇಲೆ ಬಿಡಬೇಕು. ಟಿಕೆಟ್ ಹಣ ಕಡಿಮೆಯಾಗುತ್ತದೆಂದು ಇದಕ್ಕೆ ಒಪ್ಪದ ಆಡಳಿತಗಳು ಕೊನೆಗೆ ಗರಗಸಕ್ಕೆ ಕೈ ಹಾಕುತ್ತವೆ. ಅದು ತಪ್ಪು ಲೆಕ್ಕ. ಗಂಟೆ ಬೇಗ ಹೊಡೆದು, ಅಟ್ಟದ ಅಡ್ಡಗೋಡೆ ಬೆಂಕಿಯನ್ನು ಅರ್ಧ ಗಂಟೆ ತಡೆದರೆ, ಹಳೆಯ ಕಿರಿದಾದ ಮೆಟ್ಟಿಲೇ ಮಿತವಾದ ಜನಕ್ಕೆ ಸಾಕಾಗುತ್ತದೆ. ಅಷ್ಟಾದರೂ ಇಳಿಯಲು ಒಂದೇ ದಾರಿಯಿದ್ದು, ಅದೂ ಅಡುಗೆಮನೆಯ ಪಕ್ಕದಲ್ಲೇ ಹಾಯುವಂತಿದ್ದರೆ, ಆ ಮಹಡಿಯನ್ನು ಜನರಿಗೆ ಮುಚ್ಚುವುದೇ ಸರಿ.

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ವಾಡಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ದೇವಸ್ಥಾನದ ಮೊಕ್ತೇಸರರು, ಆಡಳಿತ ಸಮಿತಿಯವರು ಈ ಸಲ ಆ ಕೆಲಸದವರ ಜೊತೆ ಒಮ್ಮೆ ಏಣಿ ಹತ್ತಿ, ಟಾರ್ಚ್ ಹಿಡಿದು, ಒಳಗಿನ ಗೋಡೆಗಳು ಎಲ್ಲಿ ನಿಂತಿವೆ, ತಂತಿಗಳು ಎಲ್ಲಿ ಹಾದಿವೆ ಎಂದು ನೋಡಿ ಬರಬೇಕು.