ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸುವುದೇಕೆ? ರಿಪೋರ್ಟ್ ಓದುವುದು ಹೇಗೆ?

“ಗರ್ಭಿಣಿಯರಿಗೆ ಆಸ್ಪತ್ರೆಯಲ್ಲಿ ಲೋಟ ತುಂಬ ಗ್ಲೂಕೋಸ್ ಕುಡಿಸುತ್ತಾರೆ. ಅದರಿಂದಲೇ ಶುಗರ್ ಬರುತ್ತದೆ. ಖಾಲಿ ಹೊಟ್ಟೆಯ ಟೆಸ್ಟ್ ಸಾಕು, ಇದನ್ನು ಬೇಡ ಅನ್ನಿ.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಖಾಲಿ ಹೊಟ್ಟೆಯ ಟೆಸ್ಟ್ ಏಕೆ ಸಾಲದು?

ಗರ್ಭದಲ್ಲಿರುವ ಮಾಸು ಕೆಲವು ಹಾರ್ಮೋನುಗಳನ್ನು ಸ್ರವಿಸುತ್ತದೆ. ಇವು ತಾಯಿಯ ದೇಹದಲ್ಲಿ ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತವೆ. ಮಗುವಿಗೆ ಗ್ಲೂಕೋಸ್ ಸಿಗಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಇದನ್ನು ಸರಿದೂಗಿಸಲು ತಾಯಿಯ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ತಯಾರಿಸಬೇಕು. ಅದು ಸಾಧ್ಯವಾಗದಿದ್ದಾಗ ಬರುವುದೇ ಗರ್ಭಾವಸ್ಥೆಯ ಮಧುಮೇಹ.

ಖಾಲಿ ಬಸ್ಸು ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಎಂಜಿನ್ ಸೋತಿದೆಯೇ ಎಂದು ತಿಳಿಯುವುದು ಜನ ತುಂಬಿಕೊಂಡು ಆಗುಂಬೆ ಘಾಟಿ ಹತ್ತುವಾಗ. ಹಾಗೆಯೇ, ರಾತ್ರಿಯೆಲ್ಲ ಏನೂ ತಿನ್ನದೆ ಬೆಳಿಗ್ಗೆ ರಕ್ತ ಕೊಟ್ಟರೆ ಅನೇಕ ಗರ್ಭಿಣಿಯರ ಶುಗರ್ ನಾರ್ಮಲ್ ಎಂದೇ ಬರಬಹುದು. ಊಟದ ನಂತರ ಏರಿದ ಸಕ್ಕರೆಯನ್ನು ಇಳಿಸುವಲ್ಲಿ ದೇಹ ಸೋಲುತ್ತಿರುವುದು ಅದರಲ್ಲಿ ಕಾಣುವುದಿಲ್ಲ.

ಮೂತ್ರ ಪರೀಕ್ಷೆಯನ್ನೂ ನೆಚ್ಚುವಂತಿಲ್ಲ. ಗರ್ಭಾವಸ್ಥೆಯಲ್ಲಿ ರಕ್ತದ ಸಕ್ಕರೆ ಸರಿಯಾಗಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ, ಗರ್ಭಿಣಿಯರಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುವುದರಿಂದ, ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ಟೆಸ್ಟ್ ನಡೆಯುವುದು ಹೀಗೆ

ಭಾರತ ಸರ್ಕಾರದ ಮಾರ್ಗಸೂಚಿಯಂತೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ, 5ರಿಂದ 10 ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ನಂತರ ಒಮ್ಮೆ ರಕ್ತ ಪರೀಕ್ಷೆ. ತಿಂಡಿ ತಿಂದು ಬಂದಿದ್ದರೂ ನಡೆಯುತ್ತದೆ. ದೂರದ ಊರಿನಿಂದ ಬರುವವರನ್ನು “ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದು ಕಳಿಸಿದರೆ ಕೆಲವರು ಮರಳಿ ಬರುವುದೇ ಇಲ್ಲ. ಅದಕ್ಕಾಗಿಯೇ ಈ ಸರಳ ವಿಧಾನ. ಗರ್ಭಿಣಿ ಮೊದಲ ಸಲ ತಪಾಸಣೆಗೆ ಬಂದಾಗ ಒಮ್ಮೆ ಮಾಡುತ್ತಾರೆ. ಆಗ ನಾರ್ಮಲ್ ಬಂದರೂ, ಮಾಸಿನ ಹಾರ್ಮೋನುಗಳ ಪ್ರಭಾವ ಹೆಚ್ಚುವ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಮಾಡಬೇಕು.

ಆ ಎರಡು ಗಂಟೆ ಏನೂ ತಿನ್ನದೆ, ಓಡಾಡದೆ ಕುಳಿತಿರಬೇಕು. ನಡೆದಾಡಿದರೆ ಸ್ನಾಯುಗಳು ಸಕ್ಕರೆಯನ್ನು ಬಳಸಿಕೊಂಡು ಫಲಿತಾಂಶ ಕಡಿಮೆ ಬರಬಹುದು. ಕುಡಿದ 30 ನಿಮಿಷದೊಳಗೆ ವಾಂತಿಯಾದರೆ ಆ ದಿನದ ಟೆಸ್ಟ್ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮಾಡಬೇಕು. ಆದ್ದರಿಂದ ವಾಂತಿಯಾದರೆ ಸಿಬ್ಬಂದಿಗೆ ಹೇಳಿ, ಮುಚ್ಚಿಡಬೇಡಿ.

ಒಂದೇ ರಿಪೋರ್ಟ್, ಎರಡು ಉತ್ತರ?

26 ವಾರದ ಗರ್ಭಿಣಿಯೊಬ್ಬರು ಖಾಸಗಿ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ಟೆಸ್ಟ್ ಮಾಡಿಸಿದರು ಎಂದುಕೊಳ್ಳಿ. ರಿಪೋರ್ಟಿನಲ್ಲಿ ಮೂರು ಅಂಕಿಗಳಿವೆ: ಖಾಲಿ ಹೊಟ್ಟೆಯಲ್ಲಿ 84, ಒಂದು ಗಂಟೆಗೆ 171, ಎರಡು ಗಂಟೆಗೆ 146 (ಎಲ್ಲವೂ ಒಂದು ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ).

ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾನದಂಡದಲ್ಲಿ ಈ ಮೂರರ ಗಡಿ 92, 180 ಮತ್ತು 153. ಯಾವುದಾದರೂ ಒಂದು ಅಂಕಿ ಗಡಿ ಮುಟ್ಟಿದರೂ ಮಧುಮೇಹವೇ. ಇವರ ಯಾವ ಅಂಕಿಯೂ ಮುಟ್ಟಿಲ್ಲ. ಆದರೆ ಭಾರತದ ಮಾರ್ಗಸೂಚಿಯಲ್ಲಿ ಎರಡು ಗಂಟೆಯ ಅಂಕಿ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಆ ಲೆಕ್ಕದಲ್ಲಿ 146 ಪಾಸಿಟಿವ್.

ಲ್ಯಾಬ್ ತಪ್ಪು ಮಾಡಿಲ್ಲ. ಸಕ್ಕರೆ ಏರಿದಂತೆ ಅಪಾಯವೂ ಸ್ವಲ್ಪಸ್ವಲ್ಪವಾಗಿ ಏರುತ್ತದೆ, ಮಧ್ಯೆ ಗೋಡೆ ಇಲ್ಲ. ಗೆರೆ ಎಲ್ಲಿ ಎಳೆಯಬೇಕೆಂಬುದು ತಜ್ಞರ ತೀರ್ಮಾನ. ಹಾಗಾಗಿ ರಿಪೋರ್ಟಿನ ಕೊನೆಯಲ್ಲಿರುವ “ನಾರ್ಮಲ್” ಪದವನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಯಾವ ಮಾನದಂಡದಲ್ಲಿ ನೋಡಿದಿರಿ ಎಂದು ವೈದ್ಯರನ್ನು ಕೇಳಿ.

ಪಾಸಿಟಿವ್ ಬಂದರೆ?

ಇನ್ಸುಲಿನ್ ಚುಚ್ಚುಮದ್ದು ಮೊದಲ ಹೆಜ್ಜೆಯಲ್ಲ. ಸಾಮಾನ್ಯವಾಗಿ ಎರಡು ವಾರ ಆಹಾರಕ್ರಮ ಮತ್ತು ನಡಿಗೆಯಲ್ಲಿ ನೋಡುತ್ತಾರೆ. ಊಟವಾದ ಎರಡು ಗಂಟೆಗೆ ಸಕ್ಕರೆ 120ರ ಒಳಗೆ ಬಂದರೆ ಅದನ್ನೇ ಮುಂದುವರಿಸುತ್ತಾರೆ, ಬಾರದಿದ್ದರೆ ಔಷಧಿ.

ಬಿಟ್ಟುಬಿಟ್ಟರೆ ಏನಾಗುತ್ತದೆ? ತಾಯಿಯ ಹೆಚ್ಚುವರಿ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಅದನ್ನು ಅರಗಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ, ಮೈ ತುಂಬಿಕೊಂಡು, ಹೆರಿಗೆ ಕಷ್ಟವಾಗಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ನವಜಾತ ಶಿಶುವಿನ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಹಾಗಾದರೆ ಆ ಸಂದೇಶ?

ತಪ್ಪು. 75 ಗ್ರಾಂ ಗ್ಲೂಕೋಸ್ ಎಂದರೆ ಸರಿಸುಮಾರು 100 ಗ್ರಾಂ ಅಕ್ಕಿಯಲ್ಲಿರುವಷ್ಟು ಕಾರ್ಬೋಹೈಡ್ರೇಟ್. ಒಮ್ಮೆ ಕುಡಿದರೆ ವಾಕರಿಕೆ, ತಲೆಸುತ್ತು ಬರಬಹುದು, ಮಧುಮೇಹ ಬರುವುದಿಲ್ಲ. ಮೊದಲೇ ಮಧುಮೇಹ ಇದೆಯೆಂದು ಗೊತ್ತಿರುವವರಿಗೆ ಮಾತ್ರ ಈ ಟೆಸ್ಟ್ ಬೇಕಿಲ್ಲ. ಉಳಿದವರು ತಾಯಿ ಕಾರ್ಡ್ ತೆಗೆದು, ಎರಡನೇ ಟೆಸ್ಟ್ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಿ.