‘ಸರ್ ಬರ್ತಾನೆ’ ಅಂದವರಿಗೆ ನಗುವ ಮೊದಲು: ಕನ್ನಡ ಕ್ರಿಯಾಪದದ ಬಾಲ ಹಿಡಿಯುವುದು ಹೇಗೆ?

ಕನ್ನಡ ಕಲಿಯುತ್ತಿರುವ ಸಹೋದ್ಯೋಗಿ ಮೀಟಿಂಗ್‌ನಲ್ಲಿ ಧೈರ್ಯ ಮಾಡಿ ಬಾಯಿ ತೆರೆಯುತ್ತಾರೆ. ‘ಸರ್ ಈಗ ಬರ್ತಾನೆ’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮರುದಿನದಿಂದ ಅವರು ಮತ್ತೆ ಇಂಗ್ಲಿಷಿಗೇ ವಾಪಸ್. ‘ಹಾಗಲ್ಲ, ಬರ್ತಾರೆ ಅನ್ನಬೇಕು’ ಎಂದು ತಿದ್ದುವವರು ಇರುತ್ತಾರೆ. ಆದರೆ ‘ಯಾಕೆ?’ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನರ ಹತ್ತಿರ ಉತ್ತರ ಇರುವುದಿಲ್ಲ. ಹುಟ್ಟಿನಿಂದ ಬಂದ ಭಾಷೆಯ ಕಷ್ಟವೇ ಅದು, ಬಳಸಲು ಬರುತ್ತದೆ, ವಿವರಿಸಲು ಬರುವುದಿಲ್ಲ.

ಕಲಿಯುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಒಂದು ದೊಡ್ಡ ಪಟ್ಟಿ. ನಾನು, ನೀನು, ಅವನು, ಅವಳು, ಅದು, ನಾವು, ನೀವು, ಅವರು, ಅವು. ಒಂಬತ್ತು ಸಾಲು, ಮೂರು ಕಾಲ, ಒಟ್ಟು 27 ರೂಪ. ನೋಡಿದರೇ ಸುಸ್ತಾಗುತ್ತದೆ. ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅದರೊಳಗೆ ಒಂದು ಸರಳ ಲೆಕ್ಕ ಅಡಗಿದೆ.

ಮೂರು ಬೋಗಿಯ ರೈಲು

‘ಬರುತ್ತಾನೆ’ ಎಂಬ ಪದವನ್ನು ಬಿಡಿಸಿ ನೋಡಿ. ಮೊದಲು ‘ಬರು’, ಇದು ಕೆಲಸದ ಹೆಸರು. ನಡುವೆ ‘ತ್ತ್’, ಇದು ಕಾಲ. ಕೊನೆಗೆ ‘ಆನೆ’, ಇದು ಯಾರು ಎಂಬುದನ್ನು ಹೇಳುತ್ತದೆ. ಶಾಲೆಯಲ್ಲಿ ಇವನ್ನೇ ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ ಅಂತ ಓದಿದ್ದೆವು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಬರೆದ ‘ಶಬ್ದಮಣಿದರ್ಪಣ’ದಲ್ಲೂ ಆಖ್ಯಾತಕ್ಕೆ ಒಂದು ಪ್ರಕರಣವೇ ಇದೆ.

ನಮಗೆ ಬೇಕಾಗಿರುವುದು ಕೊನೆಯ ಬೋಗಿ. ಬರವಣಿಗೆಯ ರೂಪಗಳನ್ನು ಒಮ್ಮೆ ಜೋರಾಗಿ ಓದಿ:

ನಾನು ಬರುತ್ತೇನೆ – ನಾವು ಬರುತ್ತೇವೆ
ನೀನು ಬರುತ್ತೀಯ – ನೀವು ಬರುತ್ತೀರಿ
ಅವನು ಬರುತ್ತಾನೆ, ಅವಳು ಬರುತ್ತಾಳೆ – ಅವರು ಬರುತ್ತಾರೆ
ಅದು ಬರುತ್ತದೆ – ಅವು ಬರುತ್ತವೆ

ಮೊದಲು ಸ್ವರ ಗಮನಿಸಿ. ನಾನು, ನಾವು ಎಂದರೆ ‘ತ್ತೇ’. ನೀನು, ನೀವು ಎಂದರೆ ‘ತ್ತೀ’. ಅವನು, ಅವಳು, ಅವರು ಎಂದರೆ ‘ತ್ತಾ’. ಮನುಷ್ಯರಲ್ಲದ ಅದು, ಅವುಗಳಿಗೆ ದೀರ್ಘವೇ ಇಲ್ಲ, ಬರೀ ‘ತ್ತ’. ಅಂದರೆ ಮಾತಾಡುವವರೋ, ಕೇಳುವವರೋ, ಬೇರೆಯವರೋ ಎಂಬುದನ್ನು ಸ್ವರ ಹೇಳುತ್ತಿದೆ.

ಈಗ ಅದರ ಮುಂದಿನ ವ್ಯಂಜನ ನೋಡಿ. ಅವನು – ಬರುತ್ತಾನೆ. ಅವಳು – ಬರುತ್ತಾಳೆ. ಅವರು – ಬರುತ್ತಾರೆ. ಅದು – ಬರುತ್ತದೆ. ಅವು – ಬರುತ್ತವೆ. ಸರ್ವನಾಮದ ಕೊನೆಯ ಅಕ್ಷರವೇ ಕ್ರಿಯಾಪದದ ಬಾಲದಲ್ಲಿ ಪ್ರತಿಧ್ವನಿಸುತ್ತಿದೆ! ‘ನಾನು – ತ್ತೇನೆ’, ‘ನಾವು – ತ್ತೇವೆ’ ಕೂಡ ಇದೇ ದಾರಿ. ಒಂಬತ್ತರಲ್ಲಿ ಏಳು ಹೀಗೆ ಸರಿಹೊಂದುತ್ತವೆ. ತಪ್ಪಿಸಿಕೊಳ್ಳುವುದು ಎರಡೇ: ನೀನು (ಯ) ಮತ್ತು ನೀವು (ರಿ). ಅಷ್ಟನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು.

ಈಗ ‘ಸರ್ ಬರ್ತಾನೆ’ ಎಲ್ಲಿ ಎಡವಿತು ಅಂತ ಹೇಳಬಹುದು. ಸರ್ ಒಬ್ಬರೇ ಇರಬಹುದು, ಆದರೆ ಗೌರವಕ್ಕೆ ನಾವು ಅವರನ್ನು ‘ಅವರು’ ಅನ್ನುತ್ತೇವೆ. ಸರ್ವನಾಮದಲ್ಲಿ ‘ರು’ ಬಂದ ಮೇಲೆ ಕ್ರಿಯಾಪದದಲ್ಲೂ ‘ರ’ಕಾರ ಬರಲೇಬೇಕು. ಕಲಿಯುವವರಿಗೆ ಹೇಳಿಕೊಡಬೇಕಾದ ಪ್ರಶ್ನೆ ಇಷ್ಟೇ: ಈ ವ್ಯಕ್ತಿಯನ್ನು ನೀವು ಅವನು ಅನ್ನುತ್ತೀರಾ, ಅವರು ಅನ್ನುತ್ತೀರಾ? ಅದು ಗೊತ್ತಾದರೆ ಬಾಲ ತಾನಾಗಿಯೇ ಬರುತ್ತದೆ.

ಹಿಂದಿ ಬಲ್ಲವರಿಗೆ ಒಂದು ನೆಮ್ಮದಿ

ಹಿಂದಿಯಲ್ಲಿ ಗಂಡಸು ‘ಆತಾ ಹೂಂ’ ಅಂದರೆ ಹೆಂಗಸು ‘ಆತೀ ಹೂಂ’ ಅನ್ನಬೇಕು. ಕನ್ನಡದಲ್ಲಿ ‘ನಾನು ಬರ್ತೀನಿ’ ಎಲ್ಲರಿಗೂ ಒಂದೇ. ಲಿಂಗ ಕಾಣಿಸುವುದು ಅವನು, ಅವಳು, ಅದು ಎಂಬಲ್ಲಿ. ಬಹುವಚನದಲ್ಲಿ ಜನರಿಗೆ ಅವರು, ಉಳಿದದ್ದಕ್ಕೆ ಅವು. ಕುರ್ಚಿ ಗಂಡೋ ಹೆಣ್ಣೋ ಎಂಬ ತಲೆನೋವೂ ಇಲ್ಲ. ಬಸ್ಸು ಬಂತು, ಮಳೆ ಬಂತು, ಸಂಬಳ ಬಂತು. ಮಗು ಕೂಡ ‘ಬಂತು’ ಅನ್ನುವುದು ಹೊಸಬರಿಗೆ ವಿಚಿತ್ರ ಅನಿಸಬಹುದು, ಅದು ಅವಮಾನವಲ್ಲ ಅಂತ ಮೊದಲೇ ಹೇಳಿಬಿಡಿ.

ಪುಸ್ತಕ ಒಂದು, ಬಾಯಿ ಇನ್ನೊಂದು

ಗೊಂದಲ ಶುರುವಾಗುವುದು ಪುಸ್ತಕ ಮುಚ್ಚಿ ಬೀದಿಗಿಳಿದಾಗ. ಬೆಂಗಳೂರು, ಮೈಸೂರು ಕಡೆಯ ಮಾತಿನಲ್ಲಿ ‘ಬರುತ್ತೇನೆ’ ಹೋಗಿ ‘ಬರ್ತೀನಿ’ ಆಗುತ್ತದೆ, ‘ಬರುತ್ತೇವೆ’ ಹೋಗಿ ‘ಬರ್ತೀವಿ’. ಆಗ ನಾನು, ನೀನು ಎರಡಕ್ಕೂ ‘ತೀ’ ಬಂತಲ್ಲ! ಸ್ವರದ ಸುಳಿವು ಕೈಕೊಟ್ಟಾಗ ವ್ಯಂಜನ ಕೈಹಿಡಿಯುತ್ತದೆ. ‘ನಿ’ ಅಂದರೆ ನಾನು, ‘ವಿ’ ಅಂದರೆ ನಾವು, ‘ಯ’ ಅಂದರೆ ನೀನು, ‘ರಿ’ ಅಂದರೆ ನೀವು. ಉತ್ತರ ಕರ್ನಾಟಕದಲ್ಲಿ ‘ಅಂವ ಬರ್ತಾನ, ಆಕಿ ಬರ್ತಾಳ, ಅವ್ರು ಬರ್ತಾರ’ ಎಂದು ಕೇಳಿದರೂ ನ, ಳ, ರ ಅಲುಗಾಡಿಲ್ಲ. ಊರು ಬದಲಾದರೆ ಸ್ವರ ಬದಲಾಗಬಹುದು, ವ್ಯಂಜನವನ್ನು ನಂಬಿ.

ಭೂತಕಾಲದಲ್ಲೂ ಬಾಲದ ಲೆಕ್ಕ ಹೆಚ್ಚೂಕಡಿಮೆ ಇದೇ: ಬಂದಳು, ಬಂದರು, ಬಂದೆವು, ಬಂದವು. ‘ಅದು’ ಮಾತ್ರ ದಕಾರ ಬಿಟ್ಟು ‘ಬಂತು’ ಎಂದು ತಕಾರ ಹಿಡಿಯುತ್ತದೆ. ಇಲ್ಲಿ ಎರಡು ಕಡೆ ಹುಷಾರಾಗಿರಬೇಕು. ಒಂದು, ಮಾತಿನಲ್ಲಿ ‘ಬಂದೆನು’ ಸವೆದು ‘ಬಂದೆ’ ಆಗಿರುವುದರಿಂದ ‘ನಾನು ಬಂದೆ’, ‘ನೀನು ಬಂದೆ’ ಒಂದೇ ರೂಪ. ‘ಯಾವಾಗ ಬಂದೆ?’ ಅಂದರೆ ನೀನು ಎಂದು ಸಂದರ್ಭದಿಂದಲೇ ತಿಳಿಯಬೇಕು. ಎರಡು, ಕಷ್ಟ ಇರುವುದು ಬಾಲದಲ್ಲಲ್ಲ, ಎಂಜಿನ್‌ನಲ್ಲಿ. ಬರು ‘ಬಂದ್’ ಆಗುತ್ತದೆ, ಹೋಗು ‘ಹೋದ್’, ಕೊಡು ‘ಕೊಟ್ಟ್’, ತಿನ್ನು ‘ತಿಂದ್’. ಇದಕ್ಕೆ ಒಂದೇ ಸೂತ್ರ ಇಲ್ಲ. ಹಾಗಾಗಿ ಹೊಸ ಕ್ರಿಯಾಪದ ಕಲಿಯುವಾಗ ‘ಕೊಡು, ಕೊಟ್ಟ’ ಎಂದು ಜೋಡಿಯಾಗಿ ಕಲಿಯುವುದು ಜಾಣತನ. ಕಲಿಯುವವರು ‘ಕೊಡಿದ’ ಅಂದರೆ ಅವರಿಗೆ ಬಾಲ ಗೊತ್ತಿದೆ, ಎಂಜಿನ್ ಮಾತ್ರ ತಪ್ಪಿದೆ ಎಂದರ್ಥ. ತಿದ್ದುವಾಗ ಅಷ್ಟನ್ನೇ ತಿದ್ದಿ.

ಬಾಲವೇ ಇಲ್ಲದ ಜಾಗ

ಕೊನೆಗೊಂದು ಬಂಪರ್. ‘ಇಲ್ಲ’ ಅನ್ನುವಾಗ ಈ ಲೆಕ್ಕ ಯಾವುದೂ ಬೇಡ. ನಾನು ಬರಲ್ಲ, ನೀವು ಬರಲ್ಲ, ಅವಳು ಬರಲ್ಲ, ಬಸ್ಸೂ ಬರಲ್ಲ. ನಿನ್ನೆಯದಾದರೆ ಎಲ್ಲರಿಗೂ ‘ಬರಲಿಲ್ಲ’. ಇದು ಗೊತ್ತಿಲ್ಲದೆ ಹೊಸಬರು ‘ನಾನು ಬರ್ತೀನಿ ಇಲ್ಲ’ ಎಂದು ಬಾಲಕ್ಕೆ ಇನ್ನೊಂದು ಬಾಲ ಕಟ್ಟುತ್ತಾರೆ.

ಹೇಳಿಕೊಡುವವರು ನೀವಾದರೆ ‘ಬರಲ್ಲ, ಮಾಡಲ್ಲ, ಗೊತ್ತಿಲ್ಲ’ಗಳಿಂದ ಶುರುಮಾಡಿ; ಎರಡನೇ ದಿನ ‘ನಿ’ ಮತ್ತು ‘ರಿ’, ಅಂದರೆ ‘ಬರ್ತೀನಿ’, ‘ಬರ್ತೀರಾ?’. ಚಹಾ ಅಂಗಡಿಯ ಮಾತುಕತೆ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ. ನ, ಳ, ರ ಮೂರನೇ ದಿನಕ್ಕಿರಲಿ. ಅಭ್ಯಾಸಕ್ಕೆ ಒಂದು ಆಟ: ನೀವು ‘ತಿಂತಾಳೆ’, ‘ಕೊಟ್ಟರು’, ‘ಹೋಗ್ತೀವಿ’ ಎಂದು ಬರೀ ಕ್ರಿಯಾಪದ ಹೇಳಿ, ಯಾರು ಅಂತ ಅವರು ಹೇಳಲಿ. ಸರಿಯಾಗಿ ಹೇಳಿದರೆ ಅವರಿಗೆ ಪಟ್ಟಿಯ ಅಗತ್ಯ ಇನ್ನಿಲ್ಲ.